ಗ್ಲಾರುಸ್‌ನ ಬೆಟ್ಟ, ಪ್ಯಾರಿಸ್‌ನ ಓದುಗ

ಸ್ವಿಟ್ಜರ್ಲೆಂಡಿನ ಪೂರ್ವಭಾಗದಲ್ಲಿ ಗ್ಲಾರುಸ್ ಎಂಬ ಪ್ರಾಂತವಿದೆ. ಅಲ್ಲಿನ ಎಲ್ಮ್ ಎಂಬ ಹಳ್ಳಿಯಿಂದ ಆಗ್ನೇಯಕ್ಕೆ ತಲೆಯೆತ್ತಿ ನೋಡಿದರೆ ಚಿಂಗೆಲ್‌ಹೋರ್ನರ್ ಶಿಖರಗಳ ಸಾಲು ಕಾಣುತ್ತದೆ. ಆ ಸಾಲಿನುದ್ದಕ್ಕೂ ಬಂಡೆಯ ಮೈಮೇಲೆ ಒಂದು ಗೆರೆ ಹಾದುಹೋಗುತ್ತದೆ. ಗೆರೆಯ ಮೇಲಿನ ಕಲ್ಲು ಕಪ್ಪುಹಸಿರು, ಒರಟು. ಕೆಳಗಿನದು ಬೇರೆಯೇ ಬಣ್ಣ, ಬೇರೆಯೇ ಸ್ವಭಾವ. ಮೋಡವಿಲ್ಲದ ದಿನ ಈ ಗೆರೆಯನ್ನು ಗುರುತಿಸಲು ಭೂವಿಜ್ಞಾನ ಕಲಿತಿರಬೇಕಾಗಿಲ್ಲ, ಕುರಿ ಕಾಯುವವರಿಗೂ ಅದು ಕಾಣುತ್ತದೆ. ಆದರೆ ಅದು ಯಾವ ಬಗೆಯ ಗೆರೆ ಎಂದು ತೀರ್ಮಾನವಾಗಲು ಭೂವಿಜ್ಞಾನಿಗಳಿಗೆ ಹತ್ತಿರಹತ್ತಿರ ನೂರು ವರ್ಷ ಹಿಡಿಯಿತು. ಕೊನೆಗೆ ಅದನ್ನು ಸರಿಯಾಗಿ ಓದಿದವರು ಆ ಬೆಟ್ಟವನ್ನು ಕಣ್ಣಾರೆ ನೋಡಿಯೇ ಇರಲಿಲ್ಲ. ಇನ್ನೊಬ್ಬರು ಬರೆದ ಅಡ್ಡಕೊಯ್ತದ ಚಿತ್ರವನ್ನು ಮುಂದಿಟ್ಟುಕೊಂಡು ಓದಿದರು.

ಗೆರೆಯ ಮೇಲಿರುವ ಕಲ್ಲಿನ ಹೆಸರು ವೆರ್ರುಕಾನೋ. ಉಂಡೆಗಲ್ಲು, ಮರಳು, ಮಣ್ಣು ಒಟ್ಟಿಗೆ ಬೆಸೆದು ಗಟ್ಟಿಯಾದ ಕಲ್ಲು ಅದು, ಕೆಲವೆಡೆ ಕೆಂಪು, ಕೆಲವೆಡೆ ಹಸಿರು. ಪರ್ಮಿಯನ್ ಯುಗದ್ದು, ಅಂದರೆ 25 ಕೋಟಿ ವರ್ಷಕ್ಕೂ ಹಳೆಯದು. ಕೆಳಗಿರುವುದು ಫ್ಲಿಶ್. ಸಮುದ್ರದ ತಳದಲ್ಲಿ ಕೂತ ಮರಳು ಮತ್ತು ಕೆಸರು ಒಂದರ ಮೇಲೊಂದು ತೆಳುವಾಗಿ ಪೇರಿಸಿಕೊಂಡು ಆದ ಕಲ್ಲು. ಅದರ ವಯಸ್ಸು ಹೆಚ್ಚೆಂದರೆ 5 ಕೋಟಿ ವರ್ಷದ ಆಸುಪಾಸು. ಬೆಟ್ಟದ ತುದಿಯಲ್ಲಿ ಕೂತಿರುವುದು ಹಳೆಯ ಕಲ್ಲು, ಅದರ ಅಡಿಯಲ್ಲಿರುವುದು ಹೊಸ ಕಲ್ಲು.

19ನೇ ಶತಮಾನದವರ ಬಳಿ ಈ ಕೋಟಿ ವರ್ಷಗಳ ಲೆಕ್ಕ ಇರಲಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮ ಮಾತ್ರ ಇತ್ತು. ಆ ಕ್ರಮವನ್ನು ಕೊಟ್ಟದ್ದು ಪಳೆಯುಳಿಕೆಗಳು. ಫ್ಲಿಶ್‌ನ ಬುಡದ ಸುಣ್ಣಕಲ್ಲಿನಲ್ಲಿ ನುಮ್ಮುಲೈಟ್ ಎಂಬ ನಾಣ್ಯದಾಕಾರದ ಜೀವಿಯ ಚಿಪ್ಪುಗಳು ಸಿಗುತ್ತವೆ. ಯೂರೋಪಿನಲ್ಲಿ ಎಲ್ಲಿ ನೋಡಿದರೂ ಅವು ಇರುವುದು ಡೈನೋಸಾರ್ ಯುಗದ ಕಲ್ಲುಗಳಿಗಿಂತ ಮೇಲಿನ ಪದರಗಳಲ್ಲಿ. ವೆರ್ರುಕಾನೋ ಇರುವುದು ಆ ಯುಗದ ಎಲ್ಲ ಸುಣ್ಣಕಲ್ಲುಗಳಿಗಿಂತ ಕೆಳಗೆ. ಹಾಗಾಗಿ ಎರಡರಲ್ಲಿ ಯಾವುದು ಹಿರಿಯದು ಎಂಬ ಬಗ್ಗೆ ಈ ಬೆಟ್ಟವನ್ನು ಓದಲು ಹೊರಟ ಭೂವಿಜ್ಞಾನಿಗಳು ಅನುಮಾನಪಡಲಿಲ್ಲ. ಹಿರಿಯದು ಮೇಲೆ ಹೋದದ್ದು ಹೇಗೆ ಎಂಬುದೇ ಅವರ ನಡುವಿನ ಜಗಳ.

ಅಡ್ಡಕೊಯ್ತದ ಚಿತ್ರವನ್ನು ಕೈಗೆ ಕೊಟ್ಟು ಅತ್ಯಂತ ಹಳೆಯ ಪದರ ಯಾವುದೆಂದು ಕೇಳಿದರೆ ವಿದ್ಯಾರ್ಥಿಗಳು ಥಟ್ಟನೆ ಎಲ್ಲಕ್ಕಿಂತ ಕೆಳಗಿನದನ್ನು ತೋರಿಸುತ್ತಾರೆ. ಅದಕ್ಕೆ ಆಧಾರ ನಿಕೋಲಸ್ ಸ್ಟೆನೋ 1669ರಲ್ಲಿ ಬರೆದಿಟ್ಟ ಮಾತು. ನೀರಿನ ತಳದಲ್ಲಿ ಹೂಳು ಕೂರುವಾಗ ಕೆಳಗಿನ ಪದರ ಮೊದಲು ಗಟ್ಟಿಯಾಗಿ, ಮೇಲಿನದು ಆಮೇಲೆ ಬರುತ್ತದೆ. ಪದರಗಳು ಕೂರುವುದು ಹೆಚ್ಚುಕಡಿಮೆ ಮಟ್ಟಸವಾಗಿ. ಓರೆಯಾಗಿ ಕಂಡರೆ ಆಮೇಲೆ ಓರೆಯಾದವು. ಈ ಮಾತು ಇವತ್ತಿಗೂ ಸರಿ. ಆದರೆ ಅದು ಹೂಳು ಕೂತ ಹೊತ್ತಿನ ಬಗ್ಗೆ ಹೇಳಿದ ಮಾತು. ಕೂತ ಮೇಲೆ ಪದರಗಳಿಗೆ ಏನಾಯಿತು ಎಂಬುದನ್ನು ಚಿತ್ರದ ಪ್ರತಿಯೊಂದು ಗೆರೆಯ ಬಳಿಯೂ ಬೇರೆಯಾಗಿಯೇ ಕೇಳಬೇಕಾಗುತ್ತದೆ.

ಚಿತ್ರದಲ್ಲಿ ಎರಡು ಕಲ್ಲುಗಳ ನಡುವಿನ ಗೆರೆ ಹೂಳು ಕೂತಾಗಲೇ ಆದದ್ದಿರಬಹುದು. ಆಗ ಸ್ಟೆನೋ ಹೇಳಿದ್ದು ನೇರವಾಗಿ ಅನ್ವಯಿಸುತ್ತದೆ. ಅದೇ ಗೆರೆ ಮಡಿಕೆಯೊಂದರ ಮಗುಚಿದ ಮಗ್ಗುಲಿನದಾದರೆ ಕೆಳಗಿನದು ಹೊಸದು, ಮೇಲಿನದು ಹಳೆಯದು. ಇವೆರಡೂ ಅಲ್ಲದೆ ಅದು ಸ್ತರಭಂಗವೂ ಆಗಿರಬಹುದು, ಅಂದರೆ ಕಲ್ಲು ಒಡೆದು ಒಂದು ಭಾಗ ಇನ್ನೊಂದರ ಮೇಲೆ ಜಾರಿದ ಜಾಗ. ಆಗ ಗೆರೆಯ ಆಚೆಯ ಕಲ್ಲಿಗೂ ಈಚೆಯ ಕಲ್ಲಿಗೂ ವಯಸ್ಸಿನ ಸಂಬಂಧವೇ ಇರಬೇಕಾಗಿಲ್ಲ. ಗ್ಲಾರುಸ್‌ನ ಗೆರೆ ಮೊದಲನೆಯ ಬಗೆಯದಲ್ಲ ಎಂಬುದು ಬೇಗ ಗೊತ್ತಾಯಿತು. ಉಳಿದ ಎರಡರಲ್ಲಿ ಯಾವುದು ಎಂಬುದೇ ಈ ಕತೆ.

ಮೊದಲು ಗಮನಿಸಿದವರು ಹಾನ್ಸ್ ಕೊನ್ರಾಡ್ ಎಷರ್. ಪದೇ ಪದೇ ಪ್ರವಾಹ ತರುತ್ತಿದ್ದ ಲಿಂತ್ ನದಿಗೆ ಕಾಲುವೆ ತೋಡಿಸಿ ಆ ಕಣಿವೆಯ ಜನರನ್ನು ಕಾಪಾಡಿದ ಎಂಜಿನಿಯರ್ ಅವರು. ಒರಟು ಹಳೆಯ ಕಲ್ಲು ಸುಣ್ಣಕಲ್ಲಿನ ಮೇಲೆ ಕೂತಿರುವುದನ್ನು ಅವರು ಕಂಡರು. ಅವರ ಮಗ ಆರ್ನಾಲ್ಡ್ ಎಷರ್ ಇಡೀ ಆಯುಷ್ಯವನ್ನು ಈ ಬೆಟ್ಟಗಳಲ್ಲೇ ಕಳೆದರು. ಮುಂದೆ ಜ್ಯೂರಿಕ್‌ನ ತಾಂತ್ರಿಕ ವಿದ್ಯಾಲಯದಲ್ಲಿ ಭೂವಿಜ್ಞಾನದ ಪ್ರಾಧ್ಯಾಪಕರಾದರು. ಕಣಿವೆ ಕಣಿವೆ ಹತ್ತಿಳಿದು, ಪಳೆಯುಳಿಕೆ ಆರಿಸಿ, ಪದರಗಳ ಓರೆಯನ್ನು ಅಳೆದು ಟಿಪ್ಪಣಿ ಪುಸ್ತಕಗಳನ್ನು ತುಂಬಿಸಿದರು. 1841ರ ಹೊತ್ತಿಗೆ ಅವರಿಗೆ ವಿಷಯ ಸ್ಪಷ್ಟವಾಗಿತ್ತು. ಹಳೆಯ ಕಲ್ಲು ಹೊಸದರ ಮೇಲೆ ಭಾರೀ ಪ್ರಮಾಣದಲ್ಲಿ ಸರಿದು ಬಂದಿದೆ ಎಂದು ಬರೆದರು. 1848ರಲ್ಲಿ ಬ್ರಿಟನ್ನಿನ ಹೆಸರಾಂತ ಭೂವಿಜ್ಞಾನಿ ರೋಡರಿಕ್ ಮರ್ಚಿಸನ್ ಬಂದಾಗ ಅವರನ್ನು ಜೊತೆಗೆ ಕರೆದೊಯ್ದು ತೋರಿಸಿದರು. ಮರ್ಚಿಸನ್ ಕಣ್ಣಾರೆ ನೋಡಿ ಒಪ್ಪಿದರು.

ಇಷ್ಟಾದರೂ ಎಷರ್ ತಮ್ಮ ಮೊದಲ ಓದಿಗೆ ಅಂಟಿಕೊಳ್ಳಲಿಲ್ಲ. ಇದನ್ನು ಪ್ರಕಟಿಸಿದರೆ ಯಾರೂ ನಂಬುವುದಿಲ್ಲ, ನನ್ನನ್ನು ಹುಚ್ಚಾಸ್ಪತ್ರೆಗೆ ಸೇರಿಸಿಯಾರು ಎಂಬ ಅರ್ಥದ ಮಾತನ್ನು ಅವರು ಆಡಿದ್ದು ದಾಖಲಾಗಿದೆ. ಆ ಅಂಜಿಕೆಗೆ ಕಾರಣವಿತ್ತು. ನೂರಾರು ಮೀಟರ್ ದಪ್ಪದ ಕಲ್ಲಿನ ಹಾಳೆಯೊಂದು ಮುರಿದು ಪುಡಿಯಾಗದೆ ಹತ್ತಾರು ಕಿಲೋಮೀಟರ್ ಸರಿಯುವುದು ಹೇಗೆ? ಅದನ್ನು ತಳ್ಳಿದ್ದು ಯಾವುದು? ಉತ್ತರ ಯಾರಲ್ಲೂ ಇರಲಿಲ್ಲ. ಮಡಿಕೆಗಳಾದರೋ ಆಲ್ಪ್ಸ್‌ನ ಪ್ರತಿಯೊಂದು ಕಣಿವೆಯಲ್ಲೂ ಕಣ್ಣಿಗೆ ಕಾಣುತ್ತಿದ್ದವು. ಎಷರ್ ಮಡಿಕೆಯನ್ನೇ ಆರಿಸಿಕೊಂಡರು.

ಆದರೆ ಒಂದು ಮಡಿಕೆಯಿಂದ ಕೆಲಸ ನಡೆಯುವಂತಿರಲಿಲ್ಲ. ಆ ಗೆರೆಯ ಆಕಾರ ನೋಡಿದರೆ ಏಕೆಂದು ತಿಳಿಯುತ್ತದೆ. ಉತ್ತರದಲ್ಲಿ, ಶ್ವಾಂಡನ್ ಊರಿನ ಬಳಿ, ಅದು ಕಣಿವೆಯ ತಳಕ್ಕೆ ಹತ್ತಿರ, ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ದಕ್ಷಿಣಕ್ಕೆ ಹೋದಂತೆ ಮೇಲೇರುತ್ತಾ ಶಿಖರಗಳ ಸಾಲಿನಲ್ಲಿ ಸುಮಾರು 3,000 ಮೀಟರ್ ಮುಟ್ಟುತ್ತದೆ. ಆಮೇಲೆ ರೈನ್ ನದಿಯ ಮೇಲ್ಕಣಿವೆಯ ಕಡೆಗೆ ಮತ್ತೆ ಇಳಿಯುತ್ತದೆ. ಒಟ್ಟಿನಲ್ಲಿ ಅದು ಕಮಾನು. ಕಮಾನಿನ ಎರಡೂ ತುದಿಗಳಲ್ಲಿ ವೆರ್ರುಕಾನೋ ದಪ್ಪವಾಗಿದೆ, ನಡುವೆ ಶಿಖರಗಳ ನೆತ್ತಿಯ ಮೇಲೆ ಚೂರುಚೂರಾಗಿ ಉಳಿದಿದೆ. ಒಳಗೆಲ್ಲ ಫ್ಲಿಶ್. ಎಷರ್ ಇದನ್ನು ಎರಡು ಮಡಿಕೆಗಳೆಂದು ಓದಿದರು. ಉತ್ತರದಿಂದ ಒಂದು ಮಡಿಕೆ ದಕ್ಷಿಣಕ್ಕೆ ಮಗುಚಿಕೊಂಡಿತು, ದಕ್ಷಿಣದಿಂದ ಇನ್ನೊಂದು ಉತ್ತರಕ್ಕೆ ಮಗುಚಿಕೊಂಡಿತು, ಎರಡರ ಮೂತಿಗಳೂ ಎದುರುಬದುರಾಗಿ ನಡುವಿನ ಬೆಟ್ಟಗಳ ಮೇಲೆ ಬಂದು ನಿಂತವು ಎಂದು. ಗ್ಲಾರುಸ್‌ನ ಜೋಡಿ ಮಡಿಕೆ ಎಂದು ಇದು ಹೆಸರಾಯಿತು.

1872ರಲ್ಲಿ ಎಷರ್ ತೀರಿಕೊಂಡಾಗ ಅವರ ಶಿಷ್ಯ ಆಲ್ಬರ್ಟ್ ಹೈಮ್‌ಗೆ ಇನ್ನೂ ಇಪ್ಪತ್ತಮೂರು ವರ್ಷ. ಗುರುವಿನ ಪೀಠ ಅವರಿಗೆ ಬಂತು, ಗುರುವಿನ ಟಿಪ್ಪಣಿಗಳೂ ಬಂದವು. ಹೈಮ್ ಅವರಂತೆ ಬೆಟ್ಟವನ್ನು ಬಿಡಿಸಬಲ್ಲ ಭೂವಿಜ್ಞಾನಿಗಳು ಬಹಳ ಕಡಿಮೆ. ಶಿಖರದ ಮೇಲೆ ಕೂತು ಸುತ್ತಲಿನ ದಿಗಂತವನ್ನೆಲ್ಲ ಪೆನ್ಸಿಲಿನಲ್ಲಿ ಎಳೆದಿಟ್ಟವರು ಅವರು. 1878ರಲ್ಲಿ ಬೆಟ್ಟಗಳು ಹುಟ್ಟುವ ಬಗೆಯ ಕುರಿತು ಎರಡು ಸಂಪುಟಗಳ ಗ್ರಂಥವನ್ನೂ ಅದರ ಜೊತೆಗೆ ಚಿತ್ರಗಳ ಸಂಪುಟವನ್ನೂ ಹೊರತಂದರು. ಜೋಡಿ ಮಡಿಕೆಯ ಅಡ್ಡಕೊಯ್ತಗಳು ಅದರಲ್ಲಿ ಎಷ್ಟು ಸೊಗಸಾಗಿ, ಎಷ್ಟು ವಿವರವಾಗಿ ಬಂದವೆಂದರೆ ಅದು ಬಲುಬೇಗ ಒಪ್ಪಿತ ಸತ್ಯವಾಯಿತು.

ಅಡ್ಡಕೊಯ್ತ ಹೇಗೆ ತಯಾರಾಗುತ್ತದೆ ಎಂಬುದನ್ನು ಇಲ್ಲಿ ಕೊಂಚ ಹೇಳಬೇಕು. ಭೂವಿಜ್ಞಾನಿ ನಕ್ಷೆಯ ಮೇಲೆ ಒಂದು ನೇರ ರೇಖೆ ಎಳೆಯುತ್ತಾರೆ, ಸಾಧ್ಯವಾದಷ್ಟೂ ಪದರಗಳು ಓರೆಯಾಗಿರುವ ದಿಕ್ಕಿನಲ್ಲೇ. ಆ ರೇಖೆಯುದ್ದಕ್ಕೂ ನೆಲದ ಏರಿಳಿತವನ್ನು ಗುರುತಿಸುತ್ತಾರೆ. ಯಾವ ಕಲ್ಲು ಎಲ್ಲಿ ಮೊದಲಾಗಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ನೆಲದ ಮೇಲೆ ಚುಕ್ಕೆ ಇಟ್ಟುಕೊಳ್ಳುತ್ತಾರೆ. ಕಂಪಾಸಿನಿಂದ ಅಳೆದ ಓರೆಯ ಕೋನಗಳನ್ನು ಆ ಚುಕ್ಕೆಗಳ ಬಳಿ ಗೀಚುತ್ತಾರೆ. ಇಲ್ಲಿಯವರೆಗೆ ಇರುವುದೆಲ್ಲ ನೋಡಿದ್ದು, ಅಳೆದದ್ದು. ಇದರ ನಂತರ ಆ ಗೀಟುಗಳನ್ನು ನೆಲದೊಳಕ್ಕೂ, ಸವೆದುಹೋದ ಭಾಗದಲ್ಲಿ ಆಕಾಶಕ್ಕೂ ಮುಂದುವರಿಸುತ್ತಾರೆ. ಆಕಾಶದ ಭಾಗವನ್ನು ಸಾಮಾನ್ಯವಾಗಿ ಬಿಡಿಬಿಡಿ ಗೆರೆಗಳಲ್ಲಿ ತೋರಿಸುತ್ತಾರೆ. ಅದು ಊಹೆ. ಒಳ್ಳೆಯ ಊಹೆ ಇರಬಹುದು, ಆದರೂ ಊಹೆ. ನನ್ನ ಮಟ್ಟಿಗೆ, ಅಡ್ಡಕೊಯ್ತವನ್ನು ಓದಲು ಕಲಿಯುವವರು ಮಾಡಬೇಕಾದ ಮೊದಲ ಕೆಲಸ ಇದೇ: ಬೆರಳಿಟ್ಟು, ಇದು ಕಂಡದ್ದು, ಇದು ಕಟ್ಟಿದ್ದು ಎಂದು ಬೇರೆ ಮಾಡುವುದು. ಹೈಮ್ ಅವರ ಚಿತ್ರದಲ್ಲಿ ನೆಲದ ಮೇಲಿನದೆಲ್ಲ ಅಚ್ಚುಕಟ್ಟು. ಆದರೆ ಎರಡು ಮಡಿಕೆಗಳ ಮೂತಿ, ಅಂದರೆ ಪದರ ಬಾಗಿ ಹಿಂದಿರುಗುವ ಜಾಗ, ಎರಡೂ ಕಡೆ ಆಕಾಶದಲ್ಲಿದ್ದವು.

ಮಡಿಕೆಯೋ ಸ್ತರಭಂಗವೋ ಎಂದು ಪತ್ತೆ ಮಾಡುವುದು ಹೇಗೆ? ಮಂಚದ ಮೇಲೆ ಕಂಬಳಿಯೊಂದನ್ನು ಹಾಸಿ, ಅದರ ನಡುಭಾಗವನ್ನು ಎತ್ತಿ ಮಡಿಚಿ ಪಕ್ಕದ ಭಾಗದ ಮೇಲೆ ಮಲಗಿಸಿದರೆ ಆ ಜಾಗದಲ್ಲಿ ಕಂಬಳಿ ಮೂರು ಪಟ್ಟು ಆಗುತ್ತದೆ: ಅಡಿಯಲ್ಲಿ ನೆಟ್ಟಗಿನ ಪಟ್ಟು, ನಡುವೆ ತಲೆಕೆಳಗಾದ ಪಟ್ಟು, ಮೇಲೆ ಮತ್ತೆ ನೆಟ್ಟಗಿನ ಪಟ್ಟು. ಮಲಗಿದ ಮಡಿಕೆ ಯಾವುದೇ ಇರಲಿ, ಈ ನಡುವಿನ ಮಗುಚಿದ ಪಟ್ಟು ಇರಲೇಬೇಕು.

ಈಗ ಗ್ಲಾರುಸ್‌ನ ಪದರಗಳಿಗೆ ವಯಸ್ಸಿನ ಕ್ರಮದಲ್ಲಿ ಅಂಕಿ ಕೊಡೋಣ. ವೆರ್ರುಕಾನೋ 1, ಟ್ರಯಾಸಿಕ್ ಯುಗದ ಹಳದಿ ಡಾಲೊಮೈಟ್ 2, ಜುರಾಸಿಕ್ ಸುಣ್ಣಕಲ್ಲು 3, ಕ್ರಿಟೇಷಿಯಸ್ ಸುಣ್ಣಕಲ್ಲು 4, ನುಮ್ಮುಲೈಟ್ ಕಲ್ಲು 5, ಫ್ಲಿಶ್ 6. ಗೆರೆಯ ಕೆಳಗೆ, ಒಳಗೊಳಗೇ ಸಾಕಷ್ಟು ಸುಕ್ಕುಗಟ್ಟಿದ್ದರೂ ಒಟ್ಟಾರೆಯಾಗಿ ಬುಡದಿಂದ ಮೇಲಕ್ಕೆ 2, 3, 4, 5, 6 ಎಂಬ ಕ್ರಮವಿದೆ. ಅದು ನೆಟ್ಟಗಿನ ಪಟ್ಟು. ಗೆರೆಯ ಮೇಲೆ, ಉತ್ತರದ ವಾಲೆನ್‌ಸೇ ಸರೋವರದ ಕಡೆಗೆ ನಡೆದರೆ 1ರ ಮೇಲೆ 2, ಅದರ ಮೇಲೆ 3, ಆಮೇಲೆ 4. ಅದೂ ನೆಟ್ಟಗಿದೆ. ಮಡಿಕೆಯಾಗಿದ್ದರೆ ಇವೆರಡರ ನಡುವೆ, 6ರಿಂದ 1ರವರೆಗೆ, 5, 4, 3, 2 ಎಂಬ ಇಳಿಯುವ ಕ್ರಮ ಸಿಗಬೇಕಿತ್ತು. ನೂರಾರು ಮೀಟರ್ ದಪ್ಪದ ಸುಣ್ಣಕಲ್ಲುಗಳ ಸಾಲು ಅದು. ಆದರೆ ಬೆಟ್ಟದಲ್ಲಿ 6ರ ಮೇಲೆ ನೇರವಾಗಿ 1 ಕೂತಿದೆ.

ನೇರವಾಗಿ ಎಂದರೆ ಪೂರ್ತಿ ನೇರವಾಗಿಯೂ ಅಲ್ಲ. ಶ್ವಾಂಡನ್ ಬಳಿ ಲೋಖ್‌ಸೈಟ್ ಎಂಬ ಜಾಗದಲ್ಲಿ ಗೆರೆ ಕೈಗೆ ಸಿಗುತ್ತದೆ. ಮೇಲೆ ವೆರ್ರುಕಾನೋ, ಕೆಳಗೆ ಫ್ಲಿಶ್, ನಡುವೆ ಒಂದೆರಡು ಮೀಟರಿನಷ್ಟು ತೆಳುವಾದ ಸುಣ್ಣಕಲ್ಲಿನ ಪಟ್ಟಿ. ಅದರ ಮೈಯೆಲ್ಲ ಎಳೆಎಳೆಯಾಗಿ ಸುತ್ತಿ ತಿರುಚಿಕೊಂಡಿದೆ. ಈ ಪಟ್ಟಿ ಗೆರೆಯುದ್ದಕ್ಕೂ ಎಷ್ಟೋ ಕಡೆ ಇದೆ, ಕೆಲವೆಡೆ ಹಲವು ಮೀಟರ್, ಕೆಲವೆಡೆ ಗೇಣುದ್ದವೂ ಇಲ್ಲ. ಹೈಮ್ ಅವರ ವಾದವೆಲ್ಲ ನಿಂತಿದ್ದು ಇದರ ಮೇಲೆಯೇ. ನಡುವಿನ ಪಟ್ಟು ಇಲ್ಲವೆಂದು ಯಾರು ಹೇಳಿದರು, ಇಲ್ಲೇ ಇದೆ, ಮಡಿಕೆ ಮಗುಚುವಾಗ ಎಳೆದು ಎಳೆದು ಇಷ್ಟು ತೆಳುವಾಗಿದೆ ಎಂದರು.

ಇದು ಸುಮ್ಮನೆ ಹೂಡಿದ ನೆಪವಲ್ಲ. ಆಲ್ಪ್ಸ್‌ನಲ್ಲಿ ಮಡಿಕೆಗಳ ಮಗುಚಿದ ಮಗ್ಗುಲು ತೆಳುವಾಗುವುದನ್ನು ಹೈಮ್ ಬೇರೆಡೆ ಅಳೆದಿದ್ದರು. ಕಲ್ಲು ಎಷ್ಟು ಎಳೆತಕ್ಕೆ ಒಳಗಾಗಬಲ್ಲದು ಎಂಬುದಕ್ಕೆ ಗ್ಲಾರುಸ್‌ನಲ್ಲೇ ಒಂದು ಸಾಕ್ಷಿಯೂ ಇತ್ತು. ಎಂಗಿ ಎಂಬ ಊರಿನ ಸ್ಲೇಟು ಗಣಿಗಳಲ್ಲಿ ಫ್ಲಿಶ್ ಕಾಲದ ಮೀನಿನ ಪಳೆಯುಳಿಕೆಗಳು ಸಿಗುತ್ತಿದ್ದವು. ಲೂಯಿ ಅಗಾಸಿ ಅವುಗಳಲ್ಲಿ ಹಲವು ಪ್ರಭೇದಗಳನ್ನು ಹೆಸರಿಸಿದ್ದರು, ಒಂದು ಉದ್ದ, ಒಂದು ಗಿಡ್ಡ, ಒಂದು ಅಗಲ. 1886ರಲ್ಲಿ ಅಲೆಕ್ಸಾಂಡರ್ ವೆಟ್‌ಸ್ಟೈನ್ ಆ ಮೀನುಗಳನ್ನು ಮತ್ತೆ ಅಳೆದು, ಅವುಗಳಲ್ಲಿ ಹಲವು ಒಂದೇ ಪ್ರಭೇದ, ಕಲ್ಲು ಎಳೆದ ದಿಕ್ಕಿನಲ್ಲಿ ಮಲಗಿದ್ದವು ಉದ್ದವಾಗಿವೆ, ಅಡ್ಡವಾಗಿ ಮಲಗಿದ್ದವು ಗಿಡ್ಡವಾಗಿವೆ ಎಂದು ತೋರಿಸಿದರು. ಈ ಕತೆಯಲ್ಲಿ ನನಗೆ ತುಂಬ ಇಷ್ಟವಾದ ಅಧ್ಯಾಯ ಅದು. ಮೀನು ಅಷ್ಟು ಎಳೆದುಹೋಗಬಹುದಾದರೆ ಸುಣ್ಣಕಲ್ಲು ಯಾಕೆ ಆಗಬಾರದು ಎಂದು ಹೈಮ್ ಕೇಳಬಹುದಿತ್ತು. ತೊಡಕಿದ್ದದ್ದು ಪ್ರಮಾಣದಲ್ಲಿ. ಮೀನುಗಳು ಎಳೆದಿದ್ದದ್ದು ಮೂಲದ ಅಳತೆಯ ಒಂದೆರಡು ಪಟ್ಟಿನ ಆಸುಪಾಸು. ನಡುವಿನ ಪಟ್ಟು ನೂರಾರು ಮೀಟರಿನಿಂದ ಒಂದೆರಡು ಮೀಟರಿಗೆ ಇಳಿಯಬೇಕಿತ್ತು, ಅದೂ ಹತ್ತಾರು ಕಿಲೋಮೀಟರ್ ಉದ್ದಕ್ಕೂ, ಮತ್ತು 5, 4, 3, 2 ಎಂಬ ಸಾಲಿನ ಗುರುತೂ ಉಳಿಯದ ಹಾಗೆ.

ಹೊಸ ಓದು ಬಂದದ್ದು ಫ್ರಾನ್ಸಿನಿಂದ. ಮಾರ್ಸೆಲ್ ಬರ್ಟ್ರಾಂಡ್ ಗಣಿ ಎಂಜಿನಿಯರ್, ಹೆಸರಾಂತ ಗಣಿತಜ್ಞ ಜೋಸೆಫ್ ಬರ್ಟ್ರಾಂಡ್ ಅವರ ಮಗ, ಫ್ರಾನ್ಸಿನ ಭೂವೈಜ್ಞಾನಿಕ ನಕ್ಷೆಯ ಕೆಲಸದಲ್ಲಿದ್ದವರು. ಉತ್ತರ ಫ್ರಾನ್ಸ್ ಮತ್ತು ಬೆಲ್ಜಿಯಂನ ಕಲ್ಲಿದ್ದಲು ಪ್ರದೇಶದ ಸಂಗತಿ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅಲ್ಲಿನ ದಕ್ಷಿಣ ಅಂಚಿನಲ್ಲಿ ಕಲ್ಲಿದ್ದಲಿಗಿಂತ ಹಳೆಯದಾದ ಡೆವೋನಿಯನ್ ಯುಗದ ಕಲ್ಲು ಕಲ್ಲಿದ್ದಲಿನ ಪದರಗಳ ಮೇಲೆ ಹತ್ತಿ ಕೂತಿದೆ. ನಿಯಮದಂತೆ ನೋಡಿದರೆ ಡೆವೋನಿಯನ್ ಕಲ್ಲು ಸಿಕ್ಕಿದಾಗ ಅಗೆಯುವುದನ್ನು ನಿಲ್ಲಿಸಬೇಕು, ಅದರ ಕೆಳಗೆ ಇನ್ನೆಲ್ಲಿಯ ಕಲ್ಲಿದ್ದಲು? ಆದರೆ ಅಲ್ಲಿ ಹಳೆಯ ಕಲ್ಲನ್ನು ತೂತು ಕೊರೆದು ಇಳಿದವರಿಗೆ ಅಡಿಯಲ್ಲಿ ಕಲ್ಲಿದ್ದಲು ಸಿಗುತ್ತಿತ್ತು. ಹಳೆಯ ಕಲ್ಲು ಹೊಸದರ ಮೇಲೆ ಜಾರಿ ಬರಬಲ್ಲದು ಎಂಬುದು ಗಣಿಯ ಕೆಲಸದಲ್ಲಿ ದಿನವೂ ಕಾಣುವ ವಿಷಯವಾಗಿತ್ತು.

1884ರಲ್ಲಿ ಬರ್ಟ್ರಾಂಡ್ ಗ್ಲಾರುಸ್‌ನ ಬೆಟ್ಟಗಳನ್ನು ಈ ಕಲ್ಲಿದ್ದಲು ಪ್ರದೇಶದ ಜೊತೆ ಹೋಲಿಸಿ ಒಂದು ಪ್ರಬಂಧ ಬರೆದರು. ಗ್ಲಾರುಸ್‌ಗೆ ಅವರು ಕಾಲಿಟ್ಟಿರಲಿಲ್ಲ. ಕೈಯಲ್ಲಿದ್ದದ್ದು ಹೈಮ್ ಅವರ ಗ್ರಂಥ, ಹೈಮ್ ಅವರ ಅಡ್ಡಕೊಯ್ತ. ಅದರಲ್ಲಿ ಕಂಡದ್ದೆಲ್ಲವನ್ನೂ ಹಾಗೆಯೇ ಇಟ್ಟುಕೊಂಡರು. ಹೈಮ್ ಅಳೆದ ಒಂದು ಕೋನವನ್ನೂ ಅವರು ಅಲ್ಲಗಳೆಯಲಿಲ್ಲ. ಬದಲಿಸಿದ್ದು ಆಕಾಶದ ಭಾಗವನ್ನು ಮಾತ್ರ. ಎರಡು ಮೂತಿಗಳನ್ನು ಕಟ್ಟುವ ಬದಲು ಉತ್ತರದ ವೆರ್ರುಕಾನೋವನ್ನೂ ದಕ್ಷಿಣದ ವೆರ್ರುಕಾನೋವನ್ನೂ ಶಿಖರಗಳ ಮೇಲಿನಿಂದ ಒಂದೇ ಗೆರೆಯಲ್ಲಿ ಜೋಡಿಸಿದರು. ಆಗ ಎರಡು ಮಡಿಕೆಗಳು ಹೋಗಿ ದಕ್ಷಿಣದಿಂದ ಉತ್ತರಕ್ಕೆ ಸರಿದು ಬಂದ ಒಂದೇ ಒಂದು ಹಾಳೆ ಉಳಿಯಿತು. ನಡುವೆ ಅದು ಸವೆದುಹೋಗಿ ಅಡಿಯ ಫ್ಲಿಶ್ ಹೊರಗೆ ಕಾಣುತ್ತಿದೆ. ಶಿಖರಗಳ ಮೇಲಿನ ಚೂರುಗಳು ಅದೇ ಹಾಳೆಯ ಅಳಿದುಳಿದ ತುಂಡುಗಳು.

ಜೋಡಿ ಮಡಿಕೆಯಲ್ಲಿ ವಿವರಿಸಲಾಗದೆ ಉಳಿದಿದ್ದ ತೊಡಕುಗಳು ಇದರಿಂದ ಒಮ್ಮೆಗೇ ಸಡಿಲವಾದವು. ಎದುರುಬದುರು ದಿಕ್ಕಿನ ಎರಡು ಒತ್ತಡಗಳು ಒಂದೇ ಪ್ರದೇಶಕ್ಕೆ ಬೇಕಾಗಲಿಲ್ಲ. ಎಲ್ಲೂ ಸಿಗದ ಮೂತಿಗಳನ್ನು ಹುಡುಕುವುದು ತಪ್ಪಿತು. ಉತ್ತರದ ತುದಿಯಲ್ಲೂ ದಕ್ಷಿಣದ ತುದಿಯಲ್ಲೂ ವೆರ್ರುಕಾನೋ ಒಂದೇ ಬಗೆಯದು ಏಕೆ ಎಂಬುದಕ್ಕೂ ಉತ್ತರ ಸಿಕ್ಕಿತು. ಆದರೆ ಬರ್ಟ್ರಾಂಡ್ ಅವರೂ ಮಡಿಕೆಯ ಯೋಚನೆಯಿಂದ ಪೂರ್ತಿ ಹೊರಬಂದಿರಲಿಲ್ಲ. ಹಾಳೆ ಹುಟ್ಟಿದ್ದು ಮಲಗಿದ ದೊಡ್ಡ ಮಡಿಕೆಯೊಂದು ಹರಿದು ಎಂದೇ ಅವರು ಭಾವಿಸಿದ್ದರು. ತೆಳು ಸುಣ್ಣಕಲ್ಲಿನ ಪಟ್ಟಿಯ ಬಗ್ಗೆ ಹೈಮ್ ಹೇಳಿದ್ದಕ್ಕೆ ಅವರಿಗೂ ತಕರಾರಿರಲಿಲ್ಲ.

ಪ್ರಬಂಧಕ್ಕೆ ಆಗ ಸಿಕ್ಕ ಗಮನ ಕಡಿಮೆ. ಬೆಟ್ಟವನ್ನೇ ನೋಡದವರು ಬೆಟ್ಟದ ಮೇಲೇ ಬದುಕಿದವರನ್ನು ತಿದ್ದುವುದು ಒಪ್ಪುವ ಮಾತೇ? 1891ರಲ್ಲಿ ಹೈಮ್ ಮತ್ತಷ್ಟು ವಿವರಗಳೊಂದಿಗೆ ಜೋಡಿ ಮಡಿಕೆಯನ್ನೇ ಮತ್ತೆ ಪ್ರಕಟಿಸಿದರು. ಅಲುಗಾಟ ಶುರುವಾದದ್ದು ಬೇರೆ ಕಡೆ. 1893ರಲ್ಲಿ ಹಾನ್ಸ್ ಶಾರ್ಟ್, ಜಿನೀವಾ ಸರೋವರದ ಬಳಿಯ ಬೆಟ್ಟಗಳ ಗುಂಪೊಂದು ಪೂರ್ತಿಯಾಗಿ ಬೇರೆಡೆಯಿಂದ ಬಂದು ಹೊಸ ಕಲ್ಲಿನ ಮೇಲೆ ಕೂತಿದೆ, ಅದಕ್ಕೆ ಅಲ್ಲಿ ಬುಡವೇ ಇಲ್ಲ ಎಂದು ತೋರಿಸಿದರು. ಮೋರಿಸ್ ಲುಜಾನ್ ಇಡೀ ಸ್ವಿಸ್ ಆಲ್ಪ್ಸ್ ಇಂಥ ಹಾಳೆಗಳ ಪೇರಿಕೆ ಎಂದು 1902ರ ತಮ್ಮ ದೊಡ್ಡ ಪ್ರಬಂಧದಲ್ಲಿ ವಾದಿಸಿದರು. ಆ ಪ್ರಬಂಧದ ಜೊತೆಗೆ ಒಂದು ಪತ್ರವೂ ಅಚ್ಚಾಯಿತು. ಬರೆದವರು ಆಲ್ಬರ್ಟ್ ಹೈಮ್. ಜೋಡಿ ಮಡಿಕೆಯನ್ನು ಕೈಬಿಡುತ್ತಿದ್ದೇನೆ, ಒಂದೇ ಹಾಳೆಯ ಓದು ಸರಿ ಎಂದು ಅದರಲ್ಲಿ ಒಪ್ಪಿಕೊಂಡಿದ್ದರು. ಗ್ರಂಥ ಬಂದು 24 ವರ್ಷವಾಗಿತ್ತು, ಅವರಿಗೆ ಐವತ್ತು ದಾಟಿತ್ತು. ಗುರುವಿನಿಂದ ಬಂದ, ತಾವೇ ಕಟ್ಟಿ ಬೆಳೆಸಿದ ಓದನ್ನು ಎಲ್ಲರೆದುರು ಬಿಟ್ಟುಕೊಟ್ಟ ಆ ಪತ್ರವನ್ನು ಅವರ ಅತ್ಯುತ್ತಮ ಅಡ್ಡಕೊಯ್ತಗಳ ಪಕ್ಕದಲ್ಲೇ ಇಟ್ಟು ನೋಡಬೇಕು ಎಂಬುದು ನನ್ನ ಎಣಿಕೆ.

ಕಲ್ಲಿನ ಹಾಳೆ ಪುಡಿಯಾಗದೆ ಜಾರಿದ್ದು ಹೇಗೆ ಎಂಬ ಎಷರ್ ಕಾಲದ ಪ್ರಶ್ನೆ ಮಾತ್ರ ಉಳಿದೇ ಇತ್ತು. 1959ರಲ್ಲಿ ಅಮೆರಿಕದ ಕಿಂಗ್ ಹಬರ್ಟ್ ಮತ್ತು ವಿಲಿಯಂ ರೂಬಿ ಅದಕ್ಕೊಂದು ದಾರಿ ತೋರಿದರು. ಕಲ್ಲಿನ ರಂಧ್ರಗಳಲ್ಲಿ ಸಿಕ್ಕಿಕೊಂಡ ನೀರಿನ ಒತ್ತಡ ಹೆಚ್ಚಿದರೆ ಮೇಲಿನ ಭಾರದ ಬಹುಪಾಲನ್ನು ನೀರೇ ಹೊರುತ್ತದೆ, ಆಗ ಉಜ್ಜಾಟ ಇಳಿದು ದೊಡ್ಡ ಹಾಳೆಯೂ ಸರಿಯಬಲ್ಲದು. ಲೋಖ್‌ಸೈಟ್‌ನ ಪಟ್ಟಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರು ಇನ್ನೊಂದನ್ನು ಕಂಡರು. ಅದರ ಹರಳುಗಳು ತೀರಾ ಸಣ್ಣವು. ಬಿಸಿಯಲ್ಲಿ ಅಂಥ ಸುಣ್ಣಕಲ್ಲು ಒಡೆಯುವ ಬದಲು ಗಟ್ಟಿಯಾಗಿದ್ದುಕೊಂಡೇ ನಿಧಾನವಾಗಿ ಹರಿಯುತ್ತದೆ. ಹೈಮ್ ಮಗುಚಿದ ಪಟ್ಟು ಎಂದು ತಿಳಿದಿದ್ದ ಪಟ್ಟಿ ಹಾಳೆ ಜಾರಿದ ಜಾಗವೇ. ಹಾಳೆ ಕ್ರಮಿಸಿದ ದೂರ ಕನಿಷ್ಠ 35 ಕಿಲೋಮೀಟರ್.

ಇಷ್ಟು ಗೊತ್ತಾದ ಮೇಲೆ ಗ್ಲಾರುಸ್‌ನ ಅಡ್ಡಕೊಯ್ತದಲ್ಲಿ ಅತ್ಯಂತ ಹಳೆಯದು ಯಾವುದೆಂದು ಹೇಳಬಹುದು. ವೆರ್ರುಕಾನೋ ಎಂದರೆ ಅರ್ಧ ಸರಿ. ಗೆರೆಯ ಮೇಲಿನ ಹಾಳೆಯಲ್ಲಿ ಎಲ್ಲಕ್ಕಿಂತ ಹಳೆಯದು ಅದೇ. ಆದರೆ ಪೂರ್ವದಲ್ಲಿ ವೆಟ್ಟಿಸ್ ಎಂಬ ಊರಿನ ಬಳಿ ಕಣಿವೆ ಆಳವಾಗಿ ಕೊರೆದು, ಗೆರೆಯ ಬಹಳ ಕೆಳಗಿನ ನೈಸ್ ಶಿಲೆಯನ್ನು ಹೊರಗೆ ತಂದಿದೆ. ಅದರ ಮೇಲೆ 2ನೇ ಅಂಕಿಯ ಡಾಲೊಮೈಟ್ ಕೂತಿದೆ. ಆ ಗಡಿ ಹೂಳು ಕೂತಾಗಲೇ ಆದದ್ದು. ನೈಸ್ ವೆರ್ರುಕಾನೋಗಿಂತಲೂ ಹಳೆಯದು. ಹಾಗಾಗಿ ಈ ಬೆಟ್ಟದಲ್ಲಿ ಅತ್ಯಂತ ಹಳೆಯದು ಅಡಿಯಲ್ಲಿದೆ, ಅದರ ನಂತರದ ಹಿರಿಯದು ನೆತ್ತಿಯ ಮೇಲಿದೆ, ಎಳೆಯದು ಎರಡರ ನಡುವೆ ಸಿಕ್ಕಿಕೊಂಡಿದೆ.

ಘಟನೆಗಳ ಕ್ರಮವೂ ಚಿತ್ರದಲ್ಲೇ ಇದೆ. ಗೆರೆ ಫ್ಲಿಶ್‌ನ ಸುಕ್ಕುಗಳನ್ನು ಕತ್ತರಿಸಿಕೊಂಡು ಹೋಗುತ್ತದೆ. ಕತ್ತರಿಸುವುದು ಕತ್ತರಿಸಿಕೊಂಡದ್ದಕ್ಕಿಂತ ಆಮೇಲಿನದು, ಆದ್ದರಿಂದ ಮೊದಲು ಫ್ಲಿಶ್ ಕೂತಿತು, ಸುಕ್ಕಾಯಿತು, ಬಳಿಕ ಹಾಳೆ ಅದರ ಮೇಲೆ ಬಂತು. ಗೆರೆಯೇ ಕಮಾನಾಗಿ ಬಾಗಿರುವುದರಿಂದ ಅಡಿಯ ನೆಲ ಮೇಲೆದ್ದದ್ದು ಜಾರಿಕೆ ಬಹುಪಾಲು ಮುಗಿದ ಮೇಲೆ. ಕಣಿವೆಗಳು ಆ ಕಮಾನನ್ನೂ ಕೊರೆದಿವೆ, ಅವು ಎಲ್ಲಕ್ಕಿಂತ ಈಚಿನವು. ಸ್ತರಭಂಗ ಸಿಕ್ಕಿದಾಗ ಅದನ್ನೂ ಒಂದು ಪದರದಂತೆ ಸಾಲಿನಲ್ಲಿ ಸೇರಿಸಿ, ಅದಕ್ಕೂ ಒಂದು ವಯಸ್ಸು ಕೊಡಬೇಕು. ಅಭ್ಯಾಸದ ಚಿತ್ರಗಳಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ.

ಈ ವಿಧಾನಕ್ಕೆ ಮಿತಿಯೂ ಇದೆ. ಗ್ಲಾರುಸ್‌ನಲ್ಲಿ ಅಂಕಿ ಹಾಕಲು ಸಾಧ್ಯವಾದದ್ದು ಪಳೆಯುಳಿಕೆಗಳಿಂದ. ಕರ್ನಾಟಕದ ಹಳೆಯ ಶಿಲೆಗಳಲ್ಲಿ ಚಿಪ್ಪುಗಳ ಪಳೆಯುಳಿಕೆ ಸಿಗುವುದಿಲ್ಲ, ಅವು ಚಿಪ್ಪಿನ ಜೀವಿಗಳು ಹುಟ್ಟುವುದಕ್ಕೂ ಬಹಳ ಹಿಂದಿನವು. ಅಂಥಲ್ಲಿ ಪದರ ನೆಟ್ಟಗಿದೆಯೋ ಮಗುಚಿದೆಯೋ ಎಂಬುದನ್ನು ಕಲ್ಲಿನ ಮೈಯಲ್ಲೇ ಹುಡುಕಬೇಕು. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ, ನೀರಿನಡಿ ಉಕ್ಕಿದ ಲಾವಾ ದಿಂಬುಗಳ ರೂಪದಲ್ಲಿ ಗಟ್ಟಿಯಾಗಿದೆ. ದಿಂಬಿನ ಬೆನ್ನು ಮೇಲಕ್ಕೆ ಉಬ್ಬಿರುತ್ತದೆ, ಅಡಿಭಾಗ ಕೆಳಗಿನ ಎರಡು ದಿಂಬುಗಳ ಸಂದಿಗೆ ಇಳಿದು ಚೂಪಾಗಿರುತ್ತದೆ. ಚೂಪು ತುದಿ ತೋರಿಸುವ ಕಡೆ ಹಳೆಯ ಕಡೆ. ಇಡೀ ಪದರ ನಿಂತುಬಿಟ್ಟಿರಲಿ, ಮಗುಚಿಯೇ ಇರಲಿ, ಈ ಗುರುತು ಸುಳ್ಳಾಗುವುದಿಲ್ಲ. ಮರಳುಗಲ್ಲಿನ ಪದರದಲ್ಲಿ ದಪ್ಪ ಮರಳು ಅಡಿಗೆ, ನುಣುಪಾದ ಮರಳು ಮೇಲಕ್ಕೆ ಕೂತಿರುವುದೂ ಇಂಥದೇ ಗುರುತು. ಆದರೆ ಒಂದೇ ಜಾಗದ ಒಂದೇ ಗುರುತನ್ನು ನಂಬಬಾರದು. ಅಡ್ಡಕೊಯ್ತದ ರೇಖೆಯುದ್ದಕ್ಕೂ ಹತ್ತಾರು ಕಡೆ ನೋಡಬೇಕು. ಗುರುತು ಒಂದು ಜಾಗದಲ್ಲಿ ದಿಕ್ಕು ಬದಲಿಸಿ, ಅಲ್ಲಿಂದ ಪದರಗಳು ಹಿಮ್ಮುಖ ಕ್ರಮದಲ್ಲಿ ಮರಳಿ ಬಂದರೆ ನಡುವೆ ಮಡಿಕೆ ಇದೆ. ಗುರುತು ದಿಕ್ಕು ಬದಲಿಸದೆ ಕ್ರಮ ಮಾತ್ರ ಮತ್ತೆ ಮೊದಲಿನಿಂದ ಶುರುವಾದರೆ ಸ್ತರಭಂಗವನ್ನು ಹುಡುಕಬೇಕು.

1936ರಲ್ಲಿ ಆಲ್ಬರ್ಟ್ ಹೈಮ್ ಅವರ ಮಗ ಆರ್ನಾಲ್ಡ್ ಹೈಮ್, ಔಗುಸ್ಟೊ ಗಾನ್ಸೆರ್ ಜೊತೆ ಕುಮಾವೂಂ ಹಿಮಾಲಯಕ್ಕೆ ಬಂದರು. ಅಲ್ಲಿ ಎತ್ತರದ ಶಿಖರಗಳಲ್ಲಿದ್ದದ್ದು ಆಳದ ಬಿಸಿಯಲ್ಲಿ ಬೆಂದ ನೈಸ್, ಅದರ ಅಡಿಯಲ್ಲಿದ್ದದ್ದು ಅಷ್ಟು ಬೇಯದ ಕಲ್ಲು. ಮೇಲ್ನೋಟಕ್ಕೆ ಆಳದ ಕಲ್ಲು ಮೇಲೆ, ಮೇಲಿನದು ಕೆಳಗೆ. 1939ರ ತಮ್ಮ ಗ್ರಂಥದಲ್ಲಿ ಅವರು ಆ ಗಡಿಯನ್ನು ಸ್ತರಭಂಗವೆಂದೇ ಓದಿ ಹೆಸರಿಟ್ಟರು. ಹಿಮಾಲಯದ ಅಡ್ಡಕೊಯ್ತಗಳಲ್ಲಿ ಇಂದಿಗೂ ಮೇನ್ ಸೆಂಟ್ರಲ್ ಥ್ರಸ್ಟ್ ಎಂದು ಬರೆಯುವುದು ಆ ಗೆರೆಯನ್ನೇ.